ಬಿಸಿನೀರಿನ ಹಳೇ ಪೈಪು

ಅಂಗಡಿಗೆ ವಾಪಸ್ ಬರುವ ಮಾಲು ಕಂಡರೆ ದೊಡ್ಡ ಸೊಸೆಗೆ ಮೊದಲಿನಿಂದಲೂ ಹೇಸಿಗೆ. ಜನ ಕೂತು ನೋಡಿದ ಕಮೋಡಿನ ಸೀಟನ್ನು ಒರೆಸಿ ತಂದು, ಪ್ಯಾಕೆಟ್ಟೇ ಒಡೆದಿಲ್ಲ ಎಂದು ಆಣೆ ಮಾಡುತ್ತಾರೆ. ಮೋರಿಯ ಜಾಲರಿಯನ್ನು ಕೂದಲ ಉಂಡೆಯ ಸಮೇತ ಕೌಂಟರಿನ ಮೇಲೆ ಇಡುತ್ತಾರೆ. ಪೈಪು, ನಲ್ಲಿ ಮಾರುವ ಆ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು ಅವಳಿಗೆ ಮುಖ ಗಂಟಿಕ್ಕದೆ ಅದನ್ನೆಲ್ಲ ಎತ್ತಿಡುವುದು ರೂಢಿಯಾಗಿತ್ತು. ಆದರೆ ಆ ಬೆಳಿಗ್ಗೆ ವಾಪಸ್ ಬಂದದ್ದು ಮುಟ್ಟಿದರೆ ಮಾಸುವಂಥ ಹೊಸ ಸಿಪಿವಿಸಿ ಪೈಪು. ಕೆನೆ ಬಣ್ಣದ, ಬಿಸಿನೀರಿಗೆ ಹಾಕುವ ಪೂರ್ತಿ ಉದ್ದದ ತುಂಡುಗಳು.

"ನಿಮ್ಮನೇದೇ ಅಕ್ಕ. ಪೈಪ್ ಮಾವ ಕಳ್ಸಿದಾರೆ, ಮಿಕ್ಕಿತಂತೆ," ಎಂದು ಗಾಡಿಯವನು ಇಳಿಸಿ ಹೋದ.

ಮಿಕ್ಕಲು ಸಾಧ್ಯವಿರಲಿಲ್ಲ. ಹೊಸದಾಗಿ ಮಾಡಿಸುತ್ತಿದ್ದ ಬಚ್ಚಲುಮನೆಯ ಅಳತೆ ಹಿಡಿದು ಆ ಪೈಪುಗಳನ್ನು ಆರಿಸಿದವಳು ಅವಳೇ. ಗಿರಾಕಿಗಳಿಗೆ ದಿನಾ ಹೇಳುವುದನ್ನು ಒಂದು ಸಲ ತನ್ನ ಮನೆಗಾಗಿ ಹೇಳಿಕೊಂಡು, ಗಂಡನ ಎದುರು ಒಂದೊಂದೇ ತುಂಡು ಇಟ್ಟು ತೋರಿಸಿದ್ದಳು. ಜಿಐ ಅಂದರೆ ಸತುವು ಬಳಿದ ಕಬ್ಬಿಣ. ಗಟ್ಟಿ ನಿಜ, ಸುತ್ತಿಗೆ ಬಿದ್ದರೂ ಜಗ್ಗುವುದಿಲ್ಲ, ಆದರೆ ಒಳಗಿಂದ ತುಕ್ಕು ತಿನ್ನುತ್ತ ಬರುತ್ತದೆ, ಮೊದಲು ಹೋಗುವುದು ಜೋಡಿಸಲೆಂದು ತಿರುಪು ಕೊರೆದ ಜಾಗ. ಬಿಳೀ ಯುಪಿವಿಸಿ ತಣ್ಣೀರಿಗೆ ಸರಿ, ಬಿಸಿನೀರು ಹರಿಸಿದರೆ ಮೆತ್ತಗಾಗಿ ಜೋಲುತ್ತದೆ. ಸಿಪಿವಿಸಿ ಬಿಸಿ ತಡೆಯುತ್ತದೆ, ಆದರೆ ಅದಕ್ಕೆ ಅದರದೇ ಅಂಟು ಬೇಕು; ಕಾದಾಗ ಹಿಗ್ಗುವುದರಿಂದ ಗೋಡೆಯಲ್ಲಿ ಬಿಗಿಯಾಗಿ ಸಿಮೆಂಟು ಮೆತ್ತಬಾರದು. ಹಸಿರು ಪಿಪಿಆರ್ ಪೈಪು ಎಲ್ಲಕ್ಕಿಂತ ಅವಳಿಗೆ ಇಷ್ಟ. ಅದನ್ನು ಅಂಟಿಸುವುದಿಲ್ಲ, ಕಾಯಿಸಿ ಒಂದಕ್ಕೊಂದು ಕರಗಿಸಿ ಕೂಡಿಸುವುದು. ಆದರೆ ಅದಕ್ಕೆ ಮಶೀನು ಬೇಕು, ಪಳಗಿದ ಕೈ ಬೇಕು. ಜಾಸ್ತಿ ಕಾಯಿಸಿದರೆ ಕರಗಿದ್ದು ಒಳಗೆ ಉಬ್ಬಿ ದಾರಿಯೇ ಮುಚ್ಚಿಕೊಳ್ಳುತ್ತದೆ.

ಮಶೀನು ಪೈಪ್ ಮಾವನ ಹತ್ತಿರ ಇರಲಿಲ್ಲ. ಪೈಪ್ ಮಾವ ಗಂಡನ ಸೋದರಮಾವ. ತಾಯಿಯ ತಮ್ಮ ಇರುವಾಗ ಹೊರಗಿನ ಪ್ಲಂಬರನ್ನು ಕರೆಯುವುದೆಂದರೆ ಕೆನ್ನೆಗೆ ಹೊಡೆದ ಹಾಗೆ. ಹೀಗಾಗಿ ಪಿಪಿಆರ್ ಹೋಯಿತು, ಸಿಪಿವಿಸಿ ಬಂತು. ಟೆರೇಸಿನ ಸೋಲಾರಿನಿಂದ ಬಚ್ಚಲಿನ ಶವರಿನವರೆಗೆ ಇಳಿಯುವ ಲೈನಿಗೆ ಬೇಕಾದಷ್ಟನ್ನೇ ಅವಳು ಬರೆಸಿದ್ದಳು. ಈಗ ಅದರಲ್ಲಿ ದೊಡ್ಡ ಪಾಲು ಅವಳ ಕಾಲ ಬಳಿ ಬಿದ್ದಿತ್ತು. ಹಾಗಾದರೆ ಗೋಡೆಯೊಳಗೆ ಏನಿದೆ?

ಊಟದ ಹೊತ್ತಿಗೆ ಅಂಗಡಿಯವರ ಹತ್ತಿರ ರಜೆ ಕೇಳಿ, ಪ್ಲಂಬರುಗಳು ಬಾಡಿಗೆಗೆ ಒಯ್ಯುವ ಸೋರಿಕೆ ಟೆಸ್ಟಿನ ಸಾಮಾನಿನಿಂದ ಒಂದು ಲೂಪ್ ಹೋಸು, ಪೈಪಿನ ಬಾಯಿ ಮುಚ್ಚುವ ಕೆಲವು ಎಂಡ್ ಪ್ಲಗ್ಗು ಚೀಲಕ್ಕೆ ಹಾಕಿಕೊಂಡು ಅವಳು ಮನೆಗೆ ಹೊರಟಳು.

ಮನೆ ಒಂದು ಕಾಲಕ್ಕೆ ಒಂದೇ ಆಗಿತ್ತು. ಅತ್ತೆ ಮಾವ ಹೋದ ಮೇಲೆ ಅಣ್ಣ ತಮ್ಮಂದಿರು ನಡುಮಧ್ಯೆ ಪಾಲು ಮಾಡಿಕೊಂಡು, ಬಾಗಿಲಿದ್ದಲ್ಲಿ ಇಟ್ಟಿಗೆ ಕಟ್ಟಿಸಿ, ಇತ್ತ ಅಣ್ಣ ಅತ್ತ ತಮ್ಮ ಎಂದು ಕೂತರು. ಬಟ್ಟೆ ಒಗೆಯುವ ಕಲ್ಲಿನ ನೀರು ಯಾರ ಕಡೆ ಹರಿಯಬೇಕು ಎಂಬ ವಿಷಯಕ್ಕೆ ಮಾತೂ ನಿಂತಿತ್ತು. ಮೈದುನ ಲಾರಿ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆ ಕಡೆ ಇರುವವಳು ವಾರಗಿತ್ತಿ ಒಬ್ಬಳೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಶೀನು ಇಟ್ಟುಕೊಂಡು ಬೀದಿಯ ಬಟ್ಟೆಯೆಲ್ಲ ಹೊಲಿಯುತ್ತಿದ್ದಳು. ದೊಡ್ಡ ಸೊಸೆಯ ಗಂಡ ಅವಳಿಗೆ ಬಾಬಿನ್ ಎಂದು ಹೆಸರಿಟ್ಟಿದ್ದ, ಮಶೀನಿನ ದಾರದ ಉರುಳೆಯ ಹಾಗೆ ಸುಮ್ಮನೆ ಸುತ್ತುತ್ತಾಳೆ ಎಂಬ ಅರ್ಥದಲ್ಲಿ. ದೊಡ್ಡ ಸೊಸೆ ಆ ಮಾತಿಗೆ ಎಷ್ಟೋ ಸಲ ನಕ್ಕಿದ್ದಳು. ಅವಳಿಗೂ ವಾರಗಿತ್ತಿಯನ್ನು ಕಂಡರೆ ಅಷ್ಟಕ್ಕಷ್ಟೇ.

ಬಚ್ಚಲಿಗೆ ಕಾಲಿಡುತ್ತಲೇ ವಾಸನೆ ಹೊಡೆಯಿತು. ಕೆಲಸದವರು ಮೂಲೆಯ ಗುಂಡಿಯನ್ನು ಮೂತ್ರಕ್ಕೆ ಬಳಸಿದ್ದರು. ಗೋಡೆಯಲ್ಲಿ ಪೈಪಿಗಾಗಿ ಕೊರೆದ ಕಾಲುವೆಯಲ್ಲಿ ಬೀಡಿ ತುಂಡು, ತಂಬಾಕಿನ ಉಗುಳು ಕಂದಾಗಿ ಒಣಗಿತ್ತು. ಪೈಪ್ ಮಾವ ಸಿಮೆಂಟು ಚೀಲದ ಮೇಲೆ ಕೂತು ಡಬ್ಬಿಯಿಂದ ಊಟ ಮಾಡುತ್ತಿದ್ದ. ಅವನೆದುರು ಕೈ ಪಂಪು, ಅದರ ಗಡಿಯಾರದಂಥ ಗೇಜಿನ ಮುಳ್ಳು ಮೇಲೆ ನಿಂತಿತ್ತು. ಟೈಲ್ಸ್ ಮೇಸ್ತ್ರಿ ಹೊರಗೆ ಬಕೆಟ್ ಮಗುಚಿ ಕೂತು ಕಾಯುತ್ತಿದ್ದ. ಮಧ್ಯಾಹ್ನ ಕಾಲುವೆ ಮುಚ್ಚಿದರೆ ಅವನ ಕೆಲಸ ಶುರು.

"ನೋಡವ್ವ," ಎಂದು ಮಾವ ಅನ್ನದ ಕೈಯಿಂದಲೇ ಗೇಜು ತೋರಿಸಿದ. "ಬೆಳಿಗ್ಗೆ ಏರ್ಸಿದ ಪ್ರೆಷರು. ಕೂದಲೆಳೆ ಇಳಿದಿಲ್ಲ. ನಿಮ್ಮಂಗಡೀಲಿ ಕೂತ್ಕೊಂಡು ಪೈಪ್ ಮಾರೋರು ಬಂದು ಕಲೀಬೇಕು."

ಅವಳು ಹೊಗಳಿದಳು. ಹೊಗಳುತ್ತಲೇ ಮಿಕ್ಸರ್ ಕೂರುವ ಜಾಗ ನೋಡಿದಳು. ಬಿಸಿ, ತಣ್ಣೀರು ಎರಡೂ ಪಾಯಿಂಟು ಅಲ್ಲಿ ಪಕ್ಕಪಕ್ಕ. ಟೆಸ್ಟು ಮಾಡುವಾಗ ಅವೆರಡಕ್ಕೂ ಒಂದು ಹೋಸು ಸಿಕ್ಕಿಸಿ ಲೂಪ್ ಮಾಡುತ್ತಾರೆ, ಆಗ ಒಂದೇ ಪಂಪಿನಲ್ಲಿ ಎರಡೂ ಲೈನು ತುಂಬುತ್ತದೆ. ಇಲ್ಲಿ ಎರಡಕ್ಕೂ ಬೇರೆ ಬೇರೆ ಪ್ಲಗ್ಗು. ಪಂಪು ಸಿಕ್ಕಿಸಿದ್ದು ಕೆಳಗಿನ ತಣ್ಣೀರಿನ ನಲ್ಲಿಗೆ.

"ಬಿಸಿನೀರಿಂದು?"

"ಅದನ್ನ ನಿನ್ನೇನೇ ಬೇರೆ ಮಾಡ್ದೆ."

ಅವಳು ಸ್ಪಾನರ್ ತೆಗೆದುಕೊಂಡು ಬಿಸಿನೀರಿನ ಪ್ಲಗ್ಗು ತಿರುಗಿಸಿದಳು. ಮಾವ ಬೇಡ ಬೇಡ ಎನ್ನುವಷ್ಟರಲ್ಲಿ ಅದು ಕೈಗೆ ಬಂತು. ಒಂದು ಹನಿ ಇಲ್ಲ. ಬೆರಳು ಹಾಕಿದರೆ ಪೈಪು ಕೊಯ್ದಾಗಿನ ಕೆನೆ ಬಣ್ಣದ ಪುಡಿ ಒಣಒಣ ಅಂಟಿತು. ಆಮೇಲೆ ಎರಡು ಮೀಸೆ ಆಡಿಸುತ್ತ ಜಿರಲೆಯೊಂದು ಪೈಪಿನ ಬಾಯಿಗೆ ಬಂದು, ಬೆಳಕು ನೋಡಿ, ಅವಳ ಮುಂಗೈ ಮೇಲೆ ಹಾದು ಗೋಡೆಗೆ ಹೋಯಿತು.

ಹೊರಗೆ ಕೂತಿದ್ದ ಮೇಸ್ತ್ರಿ ನಕ್ಕ. "ಟೆಸ್ಟು ಅದು ಮಾಡಿರ್ಬೇಕು ಅಕ್ಕ."

ನಿನ್ನೆ ನೀರು ತುಂಬಿದ್ದರೆ ಇವತ್ತೂ ಇರಬೇಕಿತ್ತು, ಪ್ಲಗ್ಗು ಹಾಕಿದ ಪೈಪು ಒಳಗೆ ಒಣಗುವುದಿಲ್ಲ ಎಂದು ಅವಳು ಹೇಳಿದಳು. ಮಾವ ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆಯದೆ ಪಂಚೆಗೆ ಒರೆಸಿಕೊಂಡು, ಏನನ್ನೋ ಹಲ್ಲಿನ ಸಂದಿಯಿಂದ ಕಿತ್ತು ಕಾಲುವೆಯೊಳಕ್ಕೆ ಉಗಿದ. ಅವಳ ಬಚ್ಚಲಿನ ಗೋಡೆಯೊಳಕ್ಕೆ. ಅದರ ಮೇಲೆ ಇನ್ನೇನು ಟೈಲ್ಸು ಕೂರುತ್ತದೆ, ಅದರ ಎದುರು ಅವಳು ದಿನಾ ಸ್ನಾನ ಮಾಡಬೇಕು.

ಏಣಿ ಹತ್ತಿ ನೋಡಿದಾಗ ಉಳಿದದ್ದೂ ಕಂಡಿತು. ಬಚ್ಚಲಿನ ಮೇಲ್ಭಾಗದಲ್ಲಿ ಕಾಂಕ್ರೀಟಿನ ಬೀಮು ಅಡ್ಡ ಹೋಗುತ್ತದೆ. ಕೆಳಗಿನಿಂದ ಏರಿದ ಹೊಸ ಪೈಪು ಬೀಮಿನ ಬುಡದಲ್ಲಿ ನಿಂತು, ಹಿತ್ತಾಳೆ ತಿರುಪಿನ ಜೋಡಣೆಯೊಂದಿಗೆ ಕಪ್ಪು ಕಬ್ಬಿಣದ ತುಂಡೊಂದಕ್ಕೆ ಸಿಕ್ಕಿಕೊಂಡಿತ್ತು. ಮನೆ ಒಂದಾಗಿದ್ದ ಕಾಲದ ಜಿಐ ಪೈಪು. ಅದು ಅಲ್ಲಿಂದ ಗೋಡೆ ತೂರಿ, ಬೀಮಿನ ಆ ಬದಿಯಿಂದ, ಅಂದರೆ ತಮ್ಮನ ಪಾಲಿನ ಗಾರೆಯೊಳಗೆ, ಟೆರೇಸಿಗೆ ಏರುತ್ತಿತ್ತು. ಬೀಮು ಕೊರೆಯುವಂತಿಲ್ಲ. ಹೊರಗಿನಿಂದ ತರಬಹುದಿತ್ತು, ಆದರೆ ಮುಂದಿನ ಗೋಡೆಯ ಮೇಲೆ ಪೈಪು ಕಂಡರೆ ಮನೆ ಹೋಟೆಲಿನ ಹಿತ್ತಲ ಥರ ಕಾಣುತ್ತದೆ ಎಂದು ಗಂಡ ಮೊದಲೇ ಬೇಡ ಅಂದಿದ್ದ. ಉಳಿದದ್ದು ಒಂದೇ ದಾರಿ: ಆ ಕಡೆ ಹೋಗಿ, ಕೇಳಿ, ಆ ಕಡೆಯ ಗಾರೆ ಒಡೆದು ಹಳೆಯದನ್ನು ಕೀಳುವುದು. ಆ ಕಡೆ ಹೋಗಿ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಗಂಡ ಬಂದ. ಟೈಲ್ಸು ಕೂರುವುದನ್ನು ನೋಡಲೆಂದೇ ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದ. ಅವಳು ಏಣಿಯ ಮೇಲಿಂದಲೇ ಪೈಪು ತೋರಿಸಿದಳು. ಅವನು ಅದನ್ನು ನೋಡಲಿಲ್ಲ, ಮಾವನನ್ನು ನೋಡಿದ. ಅವನಿಗೂ ಇದು ಮೊದಲೇ ತಿಳಿದಿತ್ತೆಂದು ಅಲ್ಲಿಗೆ ಅವಳಿಗೆ ಗೊತ್ತಾಯಿತು.

ಅವನ ವಾದ ಸರಳವಾಗಿತ್ತು. ಆ ಪೈಪು ಇಷ್ಟು ವರ್ಷ ಸೋರಿಲ್ಲ, ಇನ್ನು ಮೇಲೆ ಯಾಕೆ ಸೋರುತ್ತದೆ? ಅವಳು ಇಳಿದು ಬಂದು, ಇಷ್ಟು ವರ್ಷ ಅದರಲ್ಲಿ ತೊಟ್ಟಿಯ ನೀರು ತನ್ನ ಭಾರಕ್ಕೆ ತಾನು ಇಳಿಯುತ್ತಿತ್ತು, ಈಗ ನೀವು ಮಳೆಯ ಥರ ಬೀಳುವ ಶವರ್ ಬೇಕು ಅಂತ ಪ್ರೆಷರ್ ಪಂಪು ತಂದಿದ್ದೀರಿ, ತುಕ್ಕು ತಿಂದ ಪೈಪು ಆ ಒತ್ತಡ ತಡೆಯುವುದಿಲ್ಲ ಎಂದಳು. ಮಾವನಿಗೆ ಅದು ಗೊತ್ತಿದ್ದದ್ದಕ್ಕೇ ಬಿಸಿನೀರಿನ ಲೈನಿಗೆ ಟೆಸ್ಟು ಮಾಡಲಿಲ್ಲ ಎಂದೂ ಸೇರಿಸಿದಳು. ಮಾವ ಬೀಡಿ ಹಚ್ಚುತ್ತಿದ್ದ.

ಗಂಡ ದನಿ ತಗ್ಗಿಸಿದ, ಮೇಸ್ತ್ರಿಗೆ ಕೇಳದಿರಲೆಂದು.

"ಸೋರಿದ್ರೆ ತಾನೇ ಏನಾಗುತ್ತೆ? ಪೈಪಿರೋದು ಆ ಕಡೆ ಗಾರೇಲಿ. ನೀರು ಆ ಕಡೆ ಬರುತ್ತೆ. ನಮ್ಮ ಗೋಡೆ ಒಣಗೇ ಇರುತ್ತೆ."

"ಆ ಕಡೆ ಬಂದ್ರೆ?"

"ಬಂದ್ರೆ ಅವ್ರು ಸರಿ ಮಾಡಿಸ್ಕೋತಾರೆ. ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತಾಗುತ್ತೆ?"

ಹೇಳಿ ಅವನು ಸಣ್ಣಗೆ ನಕ್ಕ, ಬಾಬಿನ್ ಎಂದು ಹೇಳುವಾಗ ನಗುತ್ತಿದ್ದ ಅದೇ ನಗೆ. ಅವನ ಕೆಳತುಟಿಯ ಮೂಲೆಯಲ್ಲಿ ಬೆಳಗಿನ ಕಾಫಿಯ ಕಲೆ ಒಣಗಿತ್ತು. ಅವಳಿಗೆ ಅದನ್ನು ನೋಡಿ ಜಿರಲೆ ಹರಿದ ಮುಂಗೈ ಮತ್ತೆ ಜುಂ ಎಂದಿತು. ಅವಳು ಆ ಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿ, ಉಜ್ಜಿ, ಇನ್ನೊಂದು ಸಲ ಉಜ್ಜಿದಳು.

ಗೋಡೆಯ ಆ ಬದಿಯಲ್ಲಿ ಏನಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸರಿಯಾಗಿ ಬೀಮಿನ ಕೆಳಗೆ ವಾರಗಿತ್ತಿಯ ದೊಡ್ಡ ಬೀರು. ಅದರೊಳಗೆ ಅವಳ ಬಟ್ಟೆಯಲ್ಲ, ಬೀದಿಯವರ ಬಟ್ಟೆ. ಹೊಲಿಯಲು ಕೊಟ್ಟದ್ದು, ಹೊಲಿದು ಮುಗಿದದ್ದು, ಮದುವೆಯ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟಲು ಇಟ್ಟದ್ದು. ತುಕ್ಕಿನ ನೀರಿನ ಕಲೆ ರೇಷ್ಮೆಯಿಂದ ಹೋಗುವುದಿಲ್ಲ. ಬೀರುವಿನ ಬೆನ್ನು ನೆನೆಯುತ್ತ, ಒಳಗೆ ಬೂಷ್ಟು ಹತ್ತುತ್ತ, ಬೀದಿಯ ಹೆಂಗಸರು ಬಂದು ತಮ್ಮ ಸೀರೆ ಮೂಸಿ ನೋಡುವವರೆಗೆ ಅವಳಿಗೆ ತಿಳಿಯುವುದೂ ಇಲ್ಲ. ಆಮೇಲೆ ಯಾರೂ ಬಟ್ಟೆ ಕೊಡುವುದಿಲ್ಲ. ಇದೆಲ್ಲ ಗಂಡನಿಗೂ ಗೊತ್ತಿತ್ತು.

ಅವಳಿಗೆ ವಾರಗಿತ್ತಿಯ ಮೇಲೆ ಪ್ರೀತಿ ಉಕ್ಕಲಿಲ್ಲ. ಈ ಶವರಿನ ಕೆಳಗೆ ನಿಂತು ಸೋಪು ಹಚ್ಚುತ್ತ, ಗೋಡೆಯಾಚೆ ಒಬ್ಬಳ ಅನ್ನ ನಿಧಾನ ಕೊಳೆಯುತ್ತಿದೆ ಎಂದು ಗೊತ್ತಿದ್ದೂ ಬೆನ್ನು ತಿಕ್ಕಿಕೊಳ್ಳುವುದನ್ನು ನೆನೆದು ಅವಳಿಗೆ ವಾಕರಿಕೆ ಬಂತು, ಅಷ್ಟೇ.

ಅವಳು ಚೀಲದಿಂದ ಲೂಪ್ ಹೋಸು ತೆಗೆದು ಮಾವನ ಮುಂದೆ ಹಿಡಿದಳು. ಹಾಕಿ ಅಂದಳು. ಮಾವ, ಮನೆಯ ಯಜಮಾನ ಹೇಳಲಿ ಹಾಕುತ್ತೇನೆ ಎಂದ. ಯಜಮಾನ ಬೇಡವೆಂದ. ಆಗ ಟೈಲ್ಸ್ ಮೇಸ್ತ್ರಿ ಎದ್ದು ಬಂದು, ಹೋಸನ್ನು ಅವಳ ಕೈಯಿಂದ ತೆಗೆದುಕೊಂಡ. ಅವನಿಗೆ ಈ ಮನೆಯ ಜಗಳ ಬೇಕಿರಲಿಲ್ಲ. ಹಿಂದಿನ ಒಂದು ಮನೆಯಲ್ಲಿ ಹೀಗೇ ಮುಚ್ಚಿದ ಗೋಡೆ ಒಡೆದಾಗ ತನ್ನ ಟೈಲ್ಸು ಪೂರ್ತಿ ಹೋಯಿತು, ಒಳಗಿನ ನಾತಕ್ಕೆ ಮನೆಯವರೇ ಹೊರಗೆ ಮಲಗಿದರು, ಕೊನೆಗೆ ತಪ್ಪು ಟೈಲ್ಸಿನವನದೇ ಆಯಿತು ಎಂದು ಹೇಳುತ್ತ ಅವನು ಪಂಪಿನ ಪ್ರೆಷರು ಇಳಿಸಿ ಎರಡು ಪಾಯಿಂಟುಗಳಿಗೂ ಹೋಸು ಬಿಗಿದ.

"ಪ್ರೆಷರು ಮಾತ್ರ ಏರ್ಸಬೇಡಿ ಮೇಸ್ತ್ರಿ. ನಾನು ಬಂದು ಹೇಳೋವರ್ಗೂ," ಎಂದು ಅವಳು ಹೊರಗೆ ನಡೆದಳು.

ಗಂಡ ಬಾಗಿಲವರೆಗೆ ಬಂದ. "ಅಲ್ಲಿಗೆ ಹೋದ್ರೆ ವಾಪಸ್ ಬರೋ ಮುಖ ಇಟ್ಕೊಂಡು ಹೋಗು."

"ಮುಖ ತೊಳ್ಕೊಂಡೇ ಬರ್ತೀನಿ," ಎಂದಳು.

ವಾರಗಿತ್ತಿಯ ಬಾಗಿಲು ತೆರೆದೇ ಇತ್ತು, ಮಶೀನು ಓಡುತ್ತಿತ್ತು. ಹೊಸ್ತಿಲಲ್ಲಿ ಯಾರೆಂದು ನೋಡಿ ಅವಳು ಮಶೀನು ತುಳಿಯುವುದನ್ನು ನಿಲ್ಲಿಸಿದಳು, ಆದರೆ ಬಾ ಎನ್ನಲಿಲ್ಲ. ದೊಡ್ಡ ಸೊಸೆ ನಿಂತಲ್ಲಿಂದಲೇ, ಬೀರು ಗೋಡೆಯಿಂದ ಸರಿಸಬೇಕು, ನೀರು ಬರಬಹುದು ಎಂದಳು. ಯಾವ ನೀರು ಎಂದು ಕೇಳಿದಳು ವಾರಗಿತ್ತಿ. ಇವಳು ಹೇಳಿದಳು, ಹಳೇ ಪೈಪು, ಪ್ರೆಷರ್ ಪಂಪು, ಮಾಡದ ಟೆಸ್ಟು, ಎಲ್ಲ. ಗಂಡ ಹೇಳಿದ ಮಾತನ್ನೂ ಬಿಡದೆ ಹೇಳಿದಳು. ಅದನ್ನು ಬಾಯಲ್ಲಿ ಇಟ್ಟುಕೊಂಡಿರುವುದು ಉಗುಳಿಗಿಂತ ಅಸಹ್ಯವಾಗಿತ್ತು.

ವಾರಗಿತ್ತಿ ದಾರ ಕಚ್ಚಿ ತುಂಡು ಮಾಡಿದಳು. "ಕಲ್ಲಿನ ನೀರು ನನ್ನ ಕಡೆ ಬರ್ಬಾರ್ದು ಅಂದಾಗ ನೀನೂ ಕೂಗಾಡಿದ್ದೆ ಅಕ್ಕ. ಇವತ್ತೇನು ಒಳ್ಳೇತನ?"

"ಒಳ್ಳೇತನ ಅಲ್ಲ. ಹೇಸಿಗೆ."

ಆ ಉತ್ತರ ವಾರಗಿತ್ತಿಗೆ ಒಪ್ಪಿಗೆಯಾದಂತೆ ಕಂಡಿತು. ಎದ್ದು ಬೀರುವಿನ ಒಂದು ಬದಿ ಹಿಡಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಬಟ್ಟೆಯೆಲ್ಲ ತೆಗೆದು ಮಂಚಕ್ಕೆ ಹಾಕಿ, ಖಾಲಿ ಬೀರುವನ್ನು ಇಬ್ಬರೂ ಎಳೆದರು. ಹಿಂದಿನ ಗೋಡೆಯಲ್ಲಿ ಜೇಡರ ಬಲೆ, ಹಲ್ಲಿಯ ಹಿಕ್ಕೆ, ನೆಲದಲ್ಲಿ ಬಟ್ಟೆಯಿಂದ ಉದುರಿದ ಗುಂಡಿಗಳು. ಗಾರೆ ಸದ್ಯಕ್ಕೆ ಒಣಗಿಯೇ ಇತ್ತು.

ದೊಡ್ಡ ಸೊಸೆ ಟೆರೇಸಿಗೆ ಹೋದಳು. ಸೋಲಾರಿಗೆ ಇನ್ನೂ ಜೋಡಿಸದ ಹಳೇ ಪೈಪಿನ ತುದಿ ಬಾಯಿ ತೆರೆದು ನಿಂತಿತ್ತು. ಅದನ್ನು ಹಾಗೇ ಬಿಟ್ಟು ತೊಟ್ಟಿಯ ವಾಲ್ವು ತಿರುಗಿಸಿದಳು. ಮೊದಲು ನೀರು ನಿಧಾನ ತುಂಬಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ತಳ್ಳಬೇಕು, ಗಾಳಿ ಉಳಿದರೆ ಗೇಜು ಹೇಳುವುದನ್ನು ನಂಬುವ ಹಾಗಿಲ್ಲ. ನೀರು ತಣ್ಣೀರಿನ ಲೈನಿನಲ್ಲಿ ಇಳಿದು, ಲೂಪಿನಲ್ಲಿ ದಾಟಿ, ಬಿಸಿನೀರಿನ ಲೈನಿನಲ್ಲಿ ಏರಬೇಕಿತ್ತು. ಪೈಪು ಗೊರಗೊರ ಅಂದಿತು, ತೇಗಿತು. ಮೊದಲು ಬಂದದ್ದು ವಾಸನೆ, ಹೂತಿಟ್ಟ ಕಬ್ಬಿಣಕ್ಕೆ ಕೊಳೆತ ಮೊಟ್ಟೆ ಬೆರೆಸಿದಂಥದು. ಆಮೇಲೆ ಕಂದು ಲೋಳೆ, ಅದರೊಳಗೆ ಉಗುರಿನಂಥ ತುಕ್ಕಿನ ಚಕ್ಕೆಗಳು. ಅದು ಅವಳ ಚಪ್ಪಲಿಯ ಮೇಲೆ ಸುರಿದು ಬೆರಳ ಸಂದಿಗೆ ಇಳಿಯಿತು. ಈ ನೀರಿನಲ್ಲೇ ಮದುವೆಯಾಗಿ ಬಂದಾಗಿನಿಂದ ತಲೆ ತೊಳೆದುಕೊಂಡಿದ್ದಳು. ಮೂಗು ಮುಚ್ಚಿಕೊಂಡು ನೀರು ಒಂದೇ ಸಮ ಬರುವವರೆಗೆ ಕಾದು, ತುದಿಗೆ ಪ್ಲಗ್ಗು ಬಿಗಿದು, ತೊಟ್ಟಿಯ ವಾಲ್ವು ಮುಚ್ಚಿ ಕೆಳಗಿಳಿದಳು.

ಪಂಪಿನ ಹಿಡಿ ಒತ್ತಿದವಳು ಅವಳೇ. ಮುಳ್ಳು ಏರಿತು. ನಿಲ್ಲಿಸಿದಾಗ ಸ್ವಲ್ಪ ಇಳಿಯಿತು. ಮಾವ ಏನೋ ಹೇಳಲು ಬಾಯಿ ತೆಗೆದ. ಹೊಸ ಪ್ಲಾಸ್ಟಿಕ್ ಪೈಪು ಮೊದಲ ಒತ್ತಡಕ್ಕೆ ಒಂಚೂರು ಹಿಗ್ಗುವುದು ಸಹಜ, ಅದಲ್ಲ ಎಂದು ಅವಳೇ ಹೇಳಿ ಮತ್ತೆ ಒತ್ತಿದಳು. ಹಿಗ್ಗುವುದಾದರೆ ಮುಳ್ಳು ಒಂದು ಕಡೆ ಬಂದು ನಿಲ್ಲಬೇಕು. ಇದು ನಿಲ್ಲಲಿಲ್ಲ. ಯಾರೋ ಬೆರಳಿಟ್ಟು ಎಳೆದಂತೆ ಒಂದೇ ಸಮ ಇಳಿಯುತ್ತ ಹೋಯಿತು. ಬಚ್ಚಲಿನ ಗೋಡೆಯಲ್ಲಿ ಎಲ್ಲೂ ಒಂದು ಹನಿ ಇರಲಿಲ್ಲ. ಗಂಡ ಹೇಳಿದ್ದು ನಿಜವಾಗಿತ್ತು. ಈ ಕಡೆ ಎಲ್ಲ ಒಣಗೇ ಇತ್ತು.

"ಭಾವ," ಎಂದು ಗೋಡೆಯಾಚೆಯಿಂದ ಕೇಳಿತು. ದನಿ ಏರಿರಲಿಲ್ಲ. "ಇಲ್ಲಿ ಬನ್ನಿ ಭಾವ."

ಬಾಗಿಲು ಕಟ್ಟಿ ಮುಚ್ಚಿದ ಮೇಲೆ ಗಂಡ ಆ ಮನೆಗೆ ಕಾಲಿಟ್ಟಿರಲಿಲ್ಲ. ಹೋಗದೆ ಇರಲು ಆಗಲಿಲ್ಲ, ಟೈಲ್ಸ್ ಮೇಸ್ತ್ರಿ ಮೊದಲೇ ಹೊರಟುಬಿಟ್ಟಿದ್ದ. ಒಬ್ಬರ ಹಿಂದೆ ಒಬ್ಬರು ಸುತ್ತು ಹಾಕಿ ಹೋದರು. ಬೀಮಿನ ಕೆಳಗೆ ಗಾರೆ ಉಬ್ಬಿ, ಬಣ್ಣ ಹೊಪ್ಪಳೆ ಎದ್ದು, ಅದರ ನಡುವಿನಿಂದ ಕಂದು ನೀರು ನೆಲಕ್ಕೆ ಇಳಿಯುತ್ತಿತ್ತು. ಬೀರು ನಿಂತಿದ್ದ ಜಾಗದ ಗುರುತು ಇನ್ನೂ ನೆಲದಲ್ಲಿತ್ತು. ನೀರು ಸರಿಯಾಗಿ ಅದರೊಳಗೆ ಮಡುಗಟ್ಟಿತ್ತು. ನಾತ ಕೋಣೆ ತುಂಬಿತ್ತು.

ವಾರಗಿತ್ತಿ ಒಂದು ಹಳೇ ಬಟ್ಟೆ ತಂದು ಭಾವನ ಕೈಗೆ ಕೊಟ್ಟಳು.

"ಸಂಜೆಗೆ ಗಿರಾಕಿಗಳು ಬರ್ತಾರೆ. ಒರೆಸಿ."

ಅವನು ಮಾವನನ್ನು ನೋಡಿದ. ಮಾವ ಬೀಡಿ ಎಸೆಯಲು ಜಾಗ ಹುಡುಕುತ್ತಿದ್ದ. ಹೆಂಡತಿಯನ್ನು ನೋಡಿದ. ಅವಳು ಅವನ ಮುಖ ನೋಡಲಿಲ್ಲ, ತನ್ನ ಬೆರಳ ಸಂದಿಯ ಕಂದು ಲೋಳೆ ನೋಡುತ್ತಿದ್ದಳು. ಕೊನೆಗೆ ಅವನು ಪ್ಯಾಂಟು ಮೊಣಕಾಲಿಗೆ ಏರಿಸಿ, ಕುಕ್ಕರಗಾಲಲ್ಲಿ ಕೂತು ಒರೆಸತೊಡಗಿದ. ಬಟ್ಟೆ ಹಿಂಡುವಾಗ ಮುಖ ಕಿವುಚಿದ. ಆ ಮುಖ ನೋಡಿ ಹೆಂಡತಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ರಾತ್ರಿ ಇದೇ ಮನುಷ್ಯ ಪಕ್ಕದಲ್ಲಿ ಬಂದು ಮಲಗುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು.

ಒತ್ತಡ ಇಳಿದು ನೀರು ನಿಂತಿತು. ಮಾವ ಗಂಟಲು ಸರಿಮಾಡಿಕೊಂಡು, ಇನ್ನೇನು, ಈ ಕಡೆ ಗಾರೆ ಒಡೆದು ಹಳೇದು ಕಿತ್ತು ಹೊಸದು ಇಳಿಸಬೇಕು, ಟೆರೇಸಿನಿಂದ ನೆಲದವರೆಗೆ ಗೋಡೆ ಬಿಚ್ಚಿದರೆ ಕೆಲಸ ಸಲೀಸು ಎಂದ. ತಾನೇ ಕಂಡುಹಿಡಿದವನ ಹಾಗೆ ಹೇಳಿದ.

ವಾರಗಿತ್ತಿ ಸ್ಟೂಲು ಎಳೆದು ಹತ್ತಿದಳು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದಿಂದ, ಟೇಪು ಹಿಡಿಯದೆ, ಸೂರಿನಿಂದ ಬೀಮಿನ ಬುಡದವರೆಗೆ ಎರಡು ನೇರ ಗೆರೆ ಎಳೆದು, ಕೆಳಗೆ ಅಡ್ಡಗೆರೆ ಹಾಕಿ ಮುಚ್ಚಿದಳು. ಪೈಪು ಹೋಗುವಷ್ಟು ಅಗಲ, ಒಂದು ಬೆರಳು ಹೆಚ್ಚಿಲ್ಲ.

"ಇದರೊಳಗೆ ಒಡೀರಿ," ಎಂದಳು. "ಗೆರೆ ದಾಟಿದ್ರೆ ನಿಮ್ಮ ಕಡೆ ಗೋಡೆ ನಾನು ಒಡೀತೀನಿ."

ಮಾವ ಗೆರೆಗಳ ನಡುವೆ ಉಳಿ ಇಟ್ಟ. ದೊಡ್ಡ ಸೊಸೆ ಆ ಹೊಸ ಪೈಪುಗಳನ್ನು ವಾಪಸ್ ತರಲು ಅಂಗಡಿಗೆ ಹೊರಟಳು. ಹೊಸ್ತಿಲು ದಾಟುವಾಗ ವಾರಗಿತ್ತಿ ಕರೆದು, ಮೋರಿಯ ಹತ್ತಿರ ನೀರು ತುಂಬಿಟ್ಟಿದ್ದೇನೆ, ಕಾಲು ತೊಳೆದುಕೊಂಡು ಹೋಗು ಎಂದಳು. ಅವಳು ಚಪ್ಪಲಿ ಬಿಟ್ಟು, ಚೊಂಬು ಎತ್ತಿ, ಬೆರಳುಗಳ ಸಂದಿ ಬಿಡಿಸಿ ಬಿಡಿಸಿ ತೊಳೆದಳು. ವಾಸನೆ ಪೂರ್ತಿ ಹೋಗಲಿಲ್ಲ.